35 ಡಾಲರಿನ ವಾಗ್ದಾನ ಮುರಿದು ಚಿನ್ನಕ್ಕೆ ಮಾರುಕಟ್ಟೆಯ ಬೆಲೆ ಬಂದ ಬಗೆ

ಪ್ರಶ್ನೆ: ಸರ್, 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಹಣವನ್ನು ಚಿನ್ನಕ್ಕೆ ಕಟ್ಟಿಹಾಕುವ ಗೋಲ್ಡ್ ಸ್ಟ್ಯಾಂಡರ್ಡ್ ಪದ್ಧತಿಯನ್ನು ನಿಲ್ಲಿಸಿದ್ದರಿಂದ ಚಿನ್ನದ ಬೆಲೆ ಏರತೊಡಗಿತು ಅಂತ ಎಲ್ಲ ಕಡೆ ಓದುತ್ತೇನೆ. ಅಷ್ಟು ವರ್ಷ ಔನ್ಸಿಗೆ 35 ಡಾಲರಿನಲ್ಲೇ ನಿಂತಿದ್ದ ಬೆಲೆ ಒಂದು ಭಾಷಣದಿಂದ ಹೇಗೆ ಬಿಡುಗಡೆಯಾಯಿತು? ಸರ್ಕಾರ ಕೈಬಿಟ್ಟ ಮೇಲೆ ಆ ಬೆಲೆಯನ್ನು ಯಾರು, ಹೇಗೆ ಕಟ್ಟಿದರು?

ಉತ್ತರ: ಆ ಭಾಷಣಕ್ಕೂ ಸುಮಾರು ಮೂರೂವರೆ ವರ್ಷ ಮೊದಲೇ, 1968ರ ಮಾರ್ಚ್ ತಿಂಗಳಲ್ಲಿ, ಲಂಡನ್ನಿನಲ್ಲಿ ಚಿನ್ನದ ಬೆಲೆ ಸರ್ಕಾರಗಳ ಕೈ ತಪ್ಪಿತ್ತು. 1971ರ ಆಗಸ್ಟ್ 15ರಂದು ನಿಕ್ಸನ್ ಮಾತನಾಡುವ ಹೊತ್ತಿಗೆ ಲಂಡನ್ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಚಿನ್ನ ಆಗಲೇ 43 ಡಾಲರಿನ ಆಸುಪಾಸಿನಲ್ಲಿತ್ತು. ಆ ವರ್ಷದ ಕೊನೆಯಲ್ಲಿಯೂ ಅದು ಹೆಚ್ಚುಕಡಿಮೆ ಅಲ್ಲಿಯೇ ಇತ್ತು. ಭಾಷಣವೇ ಬೆಲೆಯನ್ನು ಬಿಡಿಸಿದ್ದರೆ ಮರುವಾರವೇ ಅದು ಜಿಗಿಯಬೇಕಿತ್ತು. ಹಾಗಾಗಲಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಉಳಿದದ್ದು ಅರ್ಥವಾಗುವುದು ಸುಲಭ.

ಮೊದಲು ಆ 35 ಡಾಲರ್ ಎಂಬುದು ಏನಾಗಿತ್ತು ಎಂದು ನೋಡಬೇಕು. 1934ರಲ್ಲಿ ಅಮೆರಿಕ ಒಂದು ಟ್ರಾಯ್ ಔನ್ಸಿನ, ಅಂದರೆ ಸುಮಾರು 31.1 ಗ್ರಾಂ ಚಿನ್ನದ, ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಯುದ್ಧಾನಂತರದ ಹಣಕಾಸು ವ್ಯವಸ್ಥೆಯನ್ನು ರೂಪಿಸಲು ಸೇರಿದ 1944ರ ಬ್ರೆಟನ್ ವುಡ್ಸ್ ಸಮ್ಮೇಳನದ ನಂತರ ಇತರ ದೇಶಗಳು ತಮ್ಮ ಹಣವನ್ನು ಡಾಲರಿಗೆ ಕಟ್ಟಿಕೊಂಡವು, ಡಾಲರು ಚಿನ್ನಕ್ಕೆ ಕಟ್ಟಿಕೊಂಡಿತು. ಆ ಕಟ್ಟು ಇದ್ದದ್ದು ಕೇವಲ ಕಾನೂನಿನ ಅಕ್ಷರದಲ್ಲಲ್ಲ. ಯಾವುದೇ ವಿದೇಶಿ ಕೇಂದ್ರೀಯ ಬ್ಯಾಂಕು ಡಾಲರ್ ತಂದುಕೊಟ್ಟರೆ 35 ಡಾಲರಿಗೊಂದು ಔನ್ಸಿನಂತೆ ಚಿನ್ನ ಕೊಡುತ್ತೇವೆ, ಚಿನ್ನ ತಂದರೆ ಅದೇ ದರಕ್ಕೆ ಕೊಳ್ಳುತ್ತೇವೆ ಎಂದು ಅಮೆರಿಕದ ಖಜಾನೆ ಒಪ್ಪಿಕೊಂಡಿತ್ತು. ಅಮೆರಿಕದ ಸಾಮಾನ್ಯ ಪ್ರಜೆಗೆ ಈ ಸೌಲಭ್ಯ ಇರಲಿಲ್ಲ. 1933ರಿಂದ ಆತ ಚಿನ್ನದ ಗಟ್ಟಿಯನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹೀಗೆ 35 ಡಾಲರ್ ಎಂಬುದು ಕೊಳ್ಳುವವರೂ ಮಾರುವವರೂ ಸೇರಿ ಕಂಡುಕೊಂಡ ಬೆಲೆಯಾಗಿರದೆ, ಒಬ್ಬ ದೊಡ್ಡ ದಾಸ್ತಾನುದಾರ ಕೊಟ್ಟ ವಾಗ್ದಾನವಾಗಿತ್ತು. ದಾಸ್ತಾನು ಇರುವಷ್ಟು ದಿನ, ಮತ್ತು ಅದು ಇದೆ ಎಂದು ಜನ ನಂಬುವಷ್ಟು ದಿನ, ಆ ವಾಗ್ದಾನಕ್ಕೆ ಬೆಲೆಯ ರೂಪವಿತ್ತು.

ಆದರೆ ಈ ವಾಗ್ದಾನದ ಆಚೆಗೂ ಒಂದು ನಿಜವಾದ ಮಾರುಕಟ್ಟೆ ಇತ್ತು. ಯುದ್ಧಕಾಲದಲ್ಲಿ ಮುಚ್ಚಿದ್ದ ಲಂಡನ್ನಿನ ಚಿನ್ನದ ಮಾರುಕಟ್ಟೆ 1954ರ ಮಾರ್ಚಿನಲ್ಲಿ ಮತ್ತೆ ತೆರೆದಿತ್ತು; ದಕ್ಷಿಣ ಆಫ್ರಿಕಾದ ಗಣಿಗಳ ಚಿನ್ನ ಅಲ್ಲಿಗೇ ಬರುತ್ತಿತ್ತು. ಆಭರಣ ತಯಾರಕರು, ದಂತವೈದ್ಯಕೀಯಕ್ಕೆ ಸರಕು ಒದಗಿಸುವವರು, ತಮ್ಮ ದೇಶದ ಹಣದಲ್ಲಿ ನಂಬಿಕೆಯಿಲ್ಲದ ಸಿರಿವಂತರು, ಎಲ್ಲರೂ ಅಲ್ಲಿ ಕೊಳ್ಳಬಹುದಿತ್ತು. 1960ರ ಅಕ್ಟೋಬರಿನಲ್ಲಿ, ಅಮೆರಿಕದ ಚುನಾವಣೆಯ ಮುನ್ನ, ಇನ್ನು ಡಾಲರಿನ ಅಪಮೌಲ್ಯ ಆಗಬಹುದೆಂಬ ಗುಮಾನಿ ಹಬ್ಬಿ ಅಲ್ಲಿನ ಬೆಲೆ 40 ಡಾಲರಿಗೆ ಏರಿಬಿಟ್ಟಿತು. ಖಜಾನೆಯ ದರ 35, ಮಾರುಕಟ್ಟೆಯ ದರ 40 ಎಂದಾದರೆ ಯಾವ ಕೇಂದ್ರೀಯ ಬ್ಯಾಂಕು ತಾನೇ ಡಾಲರನ್ನು ಸುಮ್ಮನೆ ಹಿಡಿದುಕೊಂಡು ಕೂತೀತು? ಅಧಿಕೃತ ಬೆಲೆ ಉಳಿಯಬೇಕಾದರೆ ಲಂಡನ್ನಿನ ಬೆಲೆಯೂ ಅದರ ಮಗ್ಗುಲಲ್ಲೇ ಇರಬೇಕು ಎಂಬುದು ಆಗ ಸ್ಪಷ್ಟವಾಯಿತು.

ಅದಕ್ಕೆ ಕಟ್ಟಿದ ಏರ್ಪಾಡೇ 1961ರ ಲಂಡನ್ ಗೋಲ್ಡ್ ಪೂಲ್. ಎಂಟು ದೇಶಗಳ ಕೇಂದ್ರೀಯ ಬ್ಯಾಂಕುಗಳು ಒಟ್ಟು 27 ಕೋಟಿ ಡಾಲರ್ ಮೌಲ್ಯದ ಚಿನ್ನವನ್ನು ಒಟ್ಟುಗೂಡಿಸಿದವು. ಅದರಲ್ಲಿ ಅರ್ಧ ಪಾಲು ಅಮೆರಿಕದ್ದು. ಪಶ್ಚಿಮ ಜರ್ಮನಿಯದು ನೂರಕ್ಕೆ 11. ಬ್ರಿಟನ್, ಫ್ರಾನ್ಸ್, ಇಟಲಿ ತಲಾ 9. ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್ ತಲಾ 4. ಇವರೆಲ್ಲರ ಪರವಾಗಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮಾರುಕಟ್ಟೆಗೆ ಇಳಿಯುತ್ತಿತ್ತು. ಬೆಲೆ 35.20 ಡಾಲರಿನ ಹತ್ತಿರ ಬಂದರೆ ಚಿನ್ನ ಮಾರುವುದು, ಇಳಿದರೆ ಕೊಂಡು ದಾಸ್ತಾನು ತುಂಬಿಕೊಳ್ಳುವುದು ಅದರ ಕೆಲಸ. ಮೊದಲ ಕೆಲವು ವರ್ಷ ಇದು ಚೆನ್ನಾಗಿಯೇ ನಡೆಯಿತು. ಸೋವಿಯತ್ ಒಕ್ಕೂಟ ಗೋಧಿ ಕೊಳ್ಳಲು ಚಿನ್ನ ಮಾರುತ್ತಿದ್ದುದರಿಂದ ಪೂಲ್ ಕೊಟ್ಟದ್ದಕ್ಕಿಂತ ಹೆಚ್ಚು ಕೊಂಡುಕೊಂಡಿತು. 1965ರ ನಂತರ ಆ ಸರಬರಾಜು ನಿಂತಿತು, ವಿಯೆಟ್ನಾಂ ಯುದ್ಧದ ಖರ್ಚಿನೊಂದಿಗೆ ಹೊರಗಿನ ಜಗತ್ತಿನಲ್ಲಿ ಡಾಲರುಗಳು ಹೆಚ್ಚುತ್ತ ಹೋದವು, ಪೂಲ್ ಬರೀ ಮಾರುವವನಾಗಿ ಉಳಿಯಿತು. ಡಾಲರಿಗೆ ಬದಲಾಗಿ ಚಿನ್ನ ಪಡೆಯುತ್ತಲೇ ಇದ್ದ ಫ್ರಾನ್ಸ್ 1967ರ ಜೂನಿನಲ್ಲಿ ಪೂಲಿನಿಂದ ಹಿಂದೆ ಸರಿಯಿತು. ಅದರ 9 ಪಾಲನ್ನೂ ಅಮೆರಿಕವೇ ಹೊತ್ತು ನೂರಕ್ಕೆ 59 ಭರಿಸಬೇಕಾಯಿತು.

ಇಂಥ ಏರ್ಪಾಡು ಕುಸಿಯುವುದಕ್ಕೆ ಚಿನ್ನದ ಕೊರತೆಗಿಂತಲೂ ಆಳವಾದ ಕಾರಣವೊಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಬೀಗದ ಕೈ ಅದೇ. ಲಂಡನ್ನಿನಲ್ಲಿ 35.20ಕ್ಕೆ ಚಿನ್ನ ಕೊಳ್ಳುವ ಸಟ್ಟಾ ವ್ಯಾಪಾರಿಯ ಲೆಕ್ಕವನ್ನು ನೋಡಿ. 35 ಡಾಲರಿಗೆ ಕೊಳ್ಳಲು ಅಮೆರಿಕದ ಖಜಾನೆ ಸದಾ ಸಿದ್ಧವಿರುವುದರಿಂದ ಬೆಲೆ ಅದಕ್ಕಿಂತ ಹೆಚ್ಚು ಕೆಳಗೆ ಹೋಗಲಾರದು. ವಾಗ್ದಾನ ಮುರಿದರೆ ಬೆಲೆ ಎಷ್ಟು ಬೇಕಾದರೂ ಮೇಲೆ ಹೋಗಬಹುದು. ನಷ್ಟವೆಂದರೆ ಔನ್ಸಿಗೆ ಇಪ್ಪತ್ತು ಸೆಂಟು ಮತ್ತು ಹಣದ ಮೇಲಿನ ಬಡ್ಡಿ, ಲಾಭಕ್ಕೆ ಮಿತಿಯಿಲ್ಲ. ಒಂದೇ ಕಡೆ ಬಾಗಿಲು ತೆರೆದಿರುವ ಇಂಥ ಪಂದ್ಯವನ್ನು ಕಟ್ಟಲು ವ್ಯಾಪಾರಿಗಳು ಹಿಂಜರಿಯಲಿಲ್ಲ, ಮತ್ತು ಅವರ ಪಂದ್ಯಕ್ಕೆ ಬೇಕಾದ ಚಿನ್ನವನ್ನು ಒದಗಿಸುತ್ತಿದ್ದುದು ಬೆಲೆಯನ್ನು ಕಾಪಾಡಲು ನಿಂತ ಪೂಲ್. ಬೆಲೆಗೆ ತಳ ಹಾಕಿ ಕೊಟ್ಟವರೇ ಅದರ ಮೇಲಿನ ದಾಳಿಯನ್ನು ಅಪಾಯವಿಲ್ಲದ್ದಾಗಿ ಮಾಡಿದ್ದರು.

1967ರ ನವೆಂಬರ್ 18ರಂದು ಬ್ರಿಟನ್ ತನ್ನ ಪೌಂಡನ್ನು 2.80 ಡಾಲರಿನಿಂದ 2.40 ಡಾಲರಿಗೆ ಇಳಿಸಿತು. ಪೌಂಡು ಬಿದ್ದ ಮೇಲೆ ಮುಂದಿನ ಸರದಿ ಡಾಲರಿನದೇ ಎಂದು ಎಲ್ಲರೂ ಎಣಿಸಿದರು. ಚಿನ್ನಕ್ಕೆ ನೂಕುನುಗ್ಗಲು ಆರಂಭವಾಯಿತು. ಅಮೆರಿಕ ತನ್ನ ವಾಯುಪಡೆಯ ವಿಮಾನಗಳಲ್ಲಿ ಚಿನ್ನ ತುಂಬಿ ಬ್ರಿಟನ್ನಿಗೆ ಕಳಿಸಿತು. ಚಳಿಗಾಲದಲ್ಲಿ ಸ್ವಲ್ಪ ತಣ್ಣಗಾದ ಬೇಡಿಕೆ ಮಾರ್ಚಿನಲ್ಲಿ ಮತ್ತೆ ಭುಗಿಲೆದ್ದು, ಸಾಮಾನ್ಯ ದಿನಗಳಲ್ಲಿ ಕೆಲವೇ ಟನ್ ವಹಿವಾಟು ನಡೆಯುತ್ತಿದ್ದ ಮಾರುಕಟ್ಟೆಯಲ್ಲಿ ಮಾರ್ಚ್ 14ರ ಒಂದೇ ದಿನ ಇನ್ನೂರು ಟನ್ನಿಗೂ ಹೆಚ್ಚು ಚಿನ್ನ ಹೋಯಿತು. ಅಂದು ರಾತ್ರಿ ಅಮೆರಿಕದ ಕೋರಿಕೆಯ ಮೇರೆಗೆ ಬ್ರಿಟಿಷ್ ಸರ್ಕಾರ ಮಾರುಕಟ್ಟೆಯನ್ನು ಮುಚ್ಚಲು ನಿರ್ಧರಿಸಿ, ಮಾರ್ಚ್ 15ರ ಶುಕ್ರವಾರವನ್ನು ಬ್ಯಾಂಕ್ ರಜೆಯೆಂದು ಘೋಷಿಸಿತು. ಶನಿವಾರ, ಭಾನುವಾರ ವಾಷಿಂಗ್ಟನ್ನಿನಲ್ಲಿ ಪೂಲಿನ ಸದಸ್ಯ ಬ್ಯಾಂಕುಗಳ ಮುಖ್ಯಸ್ಥರು ಸೇರಿದರು.

ಮಾರ್ಚ್ 17ರಂದು ಅವರು ತೆಗೆದುಕೊಂಡ ತೀರ್ಮಾನವೇ ಚಿನ್ನದ ಮುಕ್ತ ಬೆಲೆಯ ಹುಟ್ಟು. ಕೇಂದ್ರೀಯ ಬ್ಯಾಂಕುಗಳು ಇನ್ನು ಮುಂದೆ ತಮ್ಮತಮ್ಮೊಳಗೆ ಮಾತ್ರ 35 ಡಾಲರಿಗೆ ಚಿನ್ನದ ಲೇವಾದೇವಿ ಮಾಡುತ್ತವೆ. ಖಾಸಗಿ ಮಾರುಕಟ್ಟೆಗೆ ಚಿನ್ನ ಕೊಡುವುದಿಲ್ಲ. ಅಲ್ಲಿಂದ ಕೊಳ್ಳುವ ಅಗತ್ಯವೂ ಇನ್ನಿಲ್ಲ. ಇದನ್ನು ಎರಡು ಸ್ತರದ ಬೆಲೆ ಎನ್ನುತ್ತಾರೆ. ಮೇಲಿನ ಸ್ತರದಲ್ಲಿ ಹಳೆಯ ವಾಗ್ದಾನ, ಕೆಳಗಿನ ಸ್ತರದಲ್ಲಿ ಯಾರ ಹಂಗೂ ಇಲ್ಲದ ಬೆಲೆ.

ಎರಡು ವಾರ ಮುಚ್ಚಿದ್ದ ಲಂಡನ್ ಮಾರುಕಟ್ಟೆ ಏಪ್ರಿಲ್ 1ರಂದು ತೆರೆದಾಗ, ಅದಕ್ಕೆ ತನ್ನ ಬೆಲೆಯನ್ನು ತಾನೇ ಕಂಡುಕೊಳ್ಳುವ ಕೆಲಸ ಬಿದ್ದಿತ್ತು. ಈ ಅವಧಿಯಲ್ಲಿ ಜ್ಯೂರಿಕ್‌ನ ಮೂರು ದೊಡ್ಡ ಬ್ಯಾಂಕುಗಳು ತಾವೇ ಒಂದು ಕೂಟ ಕಟ್ಟಿಕೊಂಡು ದಕ್ಷಿಣ ಆಫ್ರಿಕಾದ ಚಿನ್ನದ ವ್ಯಾಪಾರದ ದೊಡ್ಡ ಭಾಗವನ್ನು ಸೆಳೆದುಕೊಂಡಿದ್ದವು. ಆದರೂ ಜಗತ್ತು ಉಲ್ಲೇಖಿಸುವ ಬೆಲೆ ಹೊರಬರುತ್ತಿದ್ದುದು ಲಂಡನ್ನಿನಿಂದಲೇ. ಅದು ಹೊರಬರುತ್ತಿದ್ದ ಬಗೆಯನ್ನು ತುಸು ಹತ್ತಿರದಿಂದ ನೋಡೋಣ, ಏಕೆಂದರೆ ‘ಯಾರು ಕಟ್ಟಿದರು’ ಎಂಬ ನಿಮ್ಮ ಮಾತಿಗೆ ಉತ್ತರ ಅಲ್ಲಿದೆ.

1919ರಿಂದ ರಾತ್‌ಚೈಲ್ಡ್ ಸಂಸ್ಥೆಯ ಕಚೇರಿಯಲ್ಲಿ ಐದು ವ್ಯಾಪಾರಿ ಸಂಸ್ಥೆಗಳ ಪ್ರತಿನಿಧಿಗಳು ಸೇರಿ ‘ಫಿಕ್ಸಿಂಗ್’, ಅಂದರೆ ಅಂದಿನ ಬೆಲೆಯನ್ನು ಗೊತ್ತುಮಾಡುವ ಸಭೆ, ನಡೆಸುತ್ತಿದ್ದರು. 1968ರ ಏಪ್ರಿಲಿನಿಂದ ಬೆಳಿಗ್ಗೆಯ ಫಿಕ್ಸಿಂಗ್ ಜೊತೆಗೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸೇರಿತು, ಅಮೆರಿಕದಲ್ಲಿ ವ್ಯವಹಾರ ಆರಂಭವಾಗುವ ಹೊತ್ತಿಗೆ ಹೊಂದುವಂತೆ. ಬೆಲೆಯನ್ನೂ ಪೌಂಡಿನ ಬದಲು ಡಾಲರಿನಲ್ಲಿ ಹೇಳತೊಡಗಿದರು. ಪ್ರತಿಯೊಬ್ಬ ಪ್ರತಿನಿಧಿಯ ಮುಂದೆ ತನ್ನ ಸಂಸ್ಥೆಗೆ ಸಂಪರ್ಕಿಸುವ ಟೆಲಿಫೋನು, ಪಕ್ಕದಲ್ಲೊಂದು ಪುಟ್ಟ ಬ್ರಿಟಿಷ್ ಬಾವುಟ. ಅಧ್ಯಕ್ಷರು ಒಂದು ಬೆಲೆಯನ್ನು ಕೂಗುತ್ತಾರೆ. ಪ್ರತಿನಿಧಿಗಳು ಅದನ್ನು ಫೋನಿನಲ್ಲಿ ತಿಳಿಸಿ, ತಮ್ಮ ಗಿರಾಕಿಗಳ ಆದೇಶಗಳನ್ನೆಲ್ಲ ಕೂಡಿ ಕಳೆದ ಮೇಲೆ ಆ ಬೆಲೆಗೆ ತಾವು ಕೊಳ್ಳುವವರೋ, ಮಾರುವವರೋ, ಎರಡೂ ಅಲ್ಲವೋ ಎಂದು ಹೇಳುತ್ತಾರೆ. ಎಲ್ಲರೂ ಕೊಳ್ಳುವವರೇ ಆದರೆ ಬೆಲೆಯನ್ನು ಏರಿಸಲಾಗುತ್ತದೆ. ಎಲ್ಲರೂ ಮಾರುವವರೇ ಆದರೆ ಇಳಿಸಲಾಗುತ್ತದೆ. ಎರಡೂ ಕಡೆಯವರು ಕಾಣಿಸಿಕೊಂಡಾಗ ಎಷ್ಟು ಗಟ್ಟಿಗಳು ಎಂಬ ಪ್ರಶ್ನೆ ಬರುತ್ತದೆ. ಒಂದೊಂದು ಗಟ್ಟಿ ಸುಮಾರು 400 ಔನ್ಸಿನದು, ಅಂದರೆ ಹನ್ನೆರಡೂವರೆ ಕಿಲೋ ತೂಗುವಂಥದ್ದು.

ಉದಾಹರಣೆಗೆಂದು ನಾನೇ ಅಂಕಿಗಳನ್ನು ಇಟ್ಟು ಹೇಳುತ್ತೇನೆ. 42.50 ಡಾಲರಿಗೆ ಕೊಳ್ಳಲು 90 ಗಟ್ಟಿಗಳ ಆದೇಶವಿದೆ, ಮಾರಲು 40 ಮಾತ್ರ ಇವೆ ಎಂದುಕೊಳ್ಳಿ. ಅಧ್ಯಕ್ಷರು 42.70 ಎನ್ನುತ್ತಾರೆ. ಅಷ್ಟು ಕೊಡಲಾರದ ಕೆಲವರು ಹಿಂದೆ ಸರಿದು ಕೊಳ್ಳುವ ಬೇಡಿಕೆ 75ಕ್ಕೆ ಇಳಿಯುತ್ತದೆ, ಆ ಬೆಲೆಗೆ ಆಸೆಪಟ್ಟ ಇನ್ನೊಬ್ಬ ಮಾರಾಟಗಾರ ಮುಂದೆ ಬಂದು ಮಾರುವ ಪ್ರಮಾಣ 60 ಆಗುತ್ತದೆ. 42.80ಕ್ಕೆ ಎರಡೂ ಕಡೆ 68 ನಿಂತರೆ ಅಂದಿನ ಬೆಲೆ ಅದೇ. ಈ ನಡುವೆ ಗಿರಾಕಿ ಮನಸ್ಸು ಬದಲಿಸಿದರೆ ಪ್ರತಿನಿಧಿ ಬಾವುಟವನ್ನು ಎತ್ತಿ ನಿಲ್ಲಿಸುತ್ತಾನೆ, ಅದು ಕೆಳಗಿಳಿಯುವ ತನಕ ಬೆಲೆ ಘೋಷಣೆಯಾಗುವಂತಿಲ್ಲ. ಪೂಲ್ ಇದ್ದ ಕಾಲದಲ್ಲೂ ನಡೆಯುತ್ತಿದ್ದುದು ಇದೇ ಕ್ರಮ. ವ್ಯತ್ಯಾಸ ಒಂದೇ: ಆಗ ಉಳಿದ 50 ಗಟ್ಟಿಗಳ ಕೊರತೆಯನ್ನು 35.20ಕ್ಕೇ ತುಂಬಿಕೊಡಲು ಬ್ಯಾಂಕ್ ಆಫ್ ಇಂಗ್ಲೆಂಡ್ ಹಿಂದೆ ನಿಂತಿರುತ್ತಿತ್ತು. 1968ರ ಏಪ್ರಿಲ್ ನಂತರ ಕೊರತೆಯನ್ನು ತುಂಬುವ ಕೆಲಸ ಬೆಲೆಯದೇ ಆಯಿತು. ಮುಕ್ತ ಬೆಲೆ ಎಂದರೆ ಇಷ್ಟೇ, ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ.

ಮುಕ್ತ ಬೆಲೆಗೆ ಛಾವಣಿ ಇಲ್ಲದಂತೆಯೇ ತಳವೂ ಇಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. 1968ರಲ್ಲಿ ಸಾಲ ಮಾಡಿ ಚಿನ್ನ ತುಂಬಿಕೊಂಡವರು ಬಡ್ಡಿ ಕಟ್ಟಲಾರದೆ ಮಾರತೊಡಗಿದರು, ದಕ್ಷಿಣ ಆಫ್ರಿಕಾಕ್ಕೂ ಹಣ ಬೇಕಿತ್ತು, ಮತ್ತು 1970ರ ಜನವರಿಯಲ್ಲಿ ಲಂಡನ್ ಬೆಲೆ 35 ಡಾಲರಿಗಿಂತಲೂ ಸ್ವಲ್ಪ ಕೆಳಗೆ ಜಾರಿತು. ಕೆಲ ಕಾಲ ಎರಡು ಸ್ತರಗಳ ನಡುವಿನ ಅಂತರವೇ ಮಾಯವಾಯಿತು. ವಾಷಿಂಗ್ಟನ್ ಗೆದ್ದಿತು ಎಂದು ಆಗ ಅನ್ನಿಸಿದ್ದರೆ ಅಚ್ಚರಿಯಿಲ್ಲ.

ಆದರೆ ಎರಡು ಸ್ತರಗಳ ನಡುವೆ ಇದ್ದ ಗೋಡೆ ಬರೀ ಮಾತಿನದು. ಮಾರುಕಟ್ಟೆಯ ಬೆಲೆ ಮತ್ತೆ 43ರತ್ತ ಹೋದಾಗ, 35ಕ್ಕೆ ಅಮೆರಿಕದಿಂದ ಚಿನ್ನ ಪಡೆದು ಹೊರಗೆ ಮಾರದಂತೆ ಕೇಂದ್ರೀಯ ಬ್ಯಾಂಕುಗಳನ್ನು ತಡೆದದ್ದು ಪರಸ್ಪರ ಒಪ್ಪಂದವೊಂದೇ. ಮಾರದೆ ಇಟ್ಟುಕೊಳ್ಳುವುದಕ್ಕಂತೂ ಅಡ್ಡಿಯೇ ಇರಲಿಲ್ಲ. 1971ರ ಹೊತ್ತಿಗೆ ವಿದೇಶಿ ಸರ್ಕಾರಗಳ ಕೈಯಲ್ಲಿದ್ದ ಡಾಲರುಗಳು ಅಮೆರಿಕದ ಬಳಿ ಉಳಿದಿದ್ದ ಸುಮಾರು ಸಾವಿರ ಕೋಟಿ ಡಾಲರ್ ಮೌಲ್ಯದ ಚಿನ್ನವನ್ನು ಬಹಳ ಮೀರಿದ್ದವು. ಆಗಸ್ಟ್ 15ರ ಭಾನುವಾರ ಸಂಜೆ ನಿಕ್ಸನ್ ನಿಲ್ಲಿಸಿದ್ದು ಮೇಲಿನ ಸ್ತರದ ಈ ವಿನಿಮಯವನ್ನು. ಕೆಳಗಿನ ಸ್ತರದ ಬೆಲೆಗೆ ಅವರ ಅಪ್ಪಣೆ ಬೇಕಿರಲಿಲ್ಲ, ಆದ್ದರಿಂದಲೇ ಅದು ಅಂದು ಹೆಚ್ಚು ಕದಲಲೂ ಇಲ್ಲ.

ಹಾಗಾದರೆ ಆ ಘೋಷಣೆಯಿಂದ ಆದದ್ದೇನು? ಡಾಲರಿಗೆ ಇದ್ದ ಕಟ್ಟು ಹೋಯಿತು, ಆದರೆ ಅದರ ಫಲ ಕಾಣಲು ಸಮಯ ಹಿಡಿಯಿತು. 1971ರ ಡಿಸೆಂಬರಿನಲ್ಲಿ ಪ್ರಮುಖ ದೇಶಗಳು ಮಾಡಿಕೊಂಡ ಸ್ಮಿತ್‌ಸೋನಿಯನ್ ಒಪ್ಪಂದ ಅಧಿಕೃತ ಬೆಲೆಯನ್ನು 38 ಡಾಲರ್ ಎಂದಿತು. 1973ರ ಫೆಬ್ರವರಿಯಲ್ಲಿ ಅದು 42.22 ಎಂದು ಪ್ರಕಟವಾಯಿತು. ಆ ಬೆಲೆಗಳಿಗೆ ಯಾರೂ ಯಾರಿಗೂ ಚಿನ್ನ ಕೊಡಬೇಕಾಗಿರಲಿಲ್ಲ, ಹಾಗಾಗಿ ಅವು ಲೆಕ್ಕದ ಪುಸ್ತಕದ ಅಂಕಿಗಳಷ್ಟೇ. 1973ರ ಮಾರ್ಚಿನಲ್ಲಿ ಪ್ರಮುಖ ದೇಶಗಳ ಹಣದ ವಿನಿಮಯ ದರಗಳೂ ತೇಲತೊಡಗಿದವು, ನವೆಂಬರಿನಲ್ಲಿ ಕೇಂದ್ರೀಯ ಬ್ಯಾಂಕುಗಳು 1968ರ ಒಪ್ಪಂದವನ್ನು ಕೈಬಿಟ್ಟವು, 1974ರ ಡಿಸೆಂಬರ್ 31ರಂದು ಅಮೆರಿಕದ ಪ್ರಜೆಗಳಿಗೆ ನಾಲ್ಕು ದಶಕಗಳ ಮೇಲೆ ಚಿನ್ನ ಇಟ್ಟುಕೊಳ್ಳುವ ಹಕ್ಕು ಮರಳಿತು. ಅದೇ ದಿನ ನ್ಯೂಯಾರ್ಕಿನ ಕಾಮೆಕ್ಸ್ ವಿನಿಮಯ ಕೇಂದ್ರದಲ್ಲಿ 100 ಔನ್ಸಿನ ಮುಂಗಡ ಒಪ್ಪಂದಗಳ ವ್ಯಾಪಾರ ಶುರುವಾಯಿತು. ಕೊನೆಯದಾಗಿ 1978ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ನಿಯಮಗಳಿಂದಲೇ ಅಧಿಕೃತ ಬೆಲೆ ಎಂಬ ಪದ್ಧತಿಯನ್ನು ತೆಗೆದುಹಾಕಲಾಯಿತು. ಹೀಗೆ ಗೋಲ್ಡ್ ಸ್ಟ್ಯಾಂಡರ್ಡ್ ಪದ್ಧತಿಯ ಅಂತ್ಯ ಒಂದು ದಿನದ ಘಟನೆಯಾಗಿರದೆ ಹತ್ತು ವರ್ಷಗಳ ಬಿಚ್ಚುವಿಕೆ.

ಈ ಅವಧಿಯಲ್ಲಿ ಬೆಲೆ ನಡೆದ ದಾರಿಯನ್ನು ಗಮನಿಸಿ. 1973ರ ಕೊನೆಗೆ ಸುಮಾರು 112 ಡಾಲರ್, 1974ರ ಕೊನೆಗೆ 185ರ ಮೇಲೆ. ಹಣದುಬ್ಬರ ಮತ್ತು ತೈಲದ ಬಿಕ್ಕಟ್ಟಿನ ಜೊತೆಗೆ, ಅಮೆರಿಕದ ಜನ ಮುಗಿಬಿದ್ದು ಕೊಳ್ಳುತ್ತಾರೆಂಬ ನಿರೀಕ್ಷೆಯೂ ಅದರಲ್ಲಿ ಸೇರಿತ್ತು. ಅವರು ಮುಗಿಬೀಳಲಿಲ್ಲ. 1975ರ ಜನವರಿಯಲ್ಲಿ ಖಜಾನೆ 20 ಲಕ್ಷ ಔನ್ಸ್ ಹರಾಜಿಗಿಟ್ಟರೆ ಹೋದದ್ದು ಸುಮಾರು ಏಳೂವರೆ ಲಕ್ಷ. 1976ರ ಆಗಸ್ಟಿನ ಹೊತ್ತಿಗೆ ಬೆಲೆ 105 ಡಾಲರಿಗಿಂತ ಕೆಳಗಿತ್ತು. ಅಲ್ಲಿಂದ 1980ರ ಜನವರಿ 21ರಂದು 850 ಡಾಲರಿಗೆ ಏರಿ, ಮತ್ತೆ ಎರಡು ದಶಕ ಆ ಎತ್ತರದ ಹತ್ತಿರ ಸುಳಿಯಲಿಲ್ಲ.

ಸಾಮಾನ್ಯ ಸರಕಿನ ಬೆಲೆ ಏರಿದರೆ ಉತ್ಪಾದನೆ ಹೆಚ್ಚಿ ಬೆಲೆ ತಣಿಯುತ್ತದೆ. ಚಿನ್ನ ಹಾಗೆ ನಡೆದುಕೊಳ್ಳಲಿಲ್ಲ. ಬೆಲೆ ಏರಿದಂತೆ ದಕ್ಷಿಣ ಆಫ್ರಿಕಾದ ಗಣಿಗಳು ಮೊದಲು ಲಾಭವಿಲ್ಲವೆಂದು ಬಿಟ್ಟಿದ್ದ ಕಡಿಮೆ ಅಂಶದ ಅದಿರನ್ನು ಅರೆಯತೊಡಗಿದವು; ಅಷ್ಟೇ ಅದಿರಿನಿಂದ ಸಿಗುವ ಚಿನ್ನ ಕಡಿಮೆಯಾಗಿ, 1970ರಲ್ಲಿ ಸಾವಿರ ಟನ್ ಮುಟ್ಟಿದ್ದ ಅಲ್ಲಿನ ಉತ್ಪಾದನೆ ಮುಂದಿನ ವರ್ಷಗಳಲ್ಲಿ ಇಳಿಯಿತು. ಅದೂ ಅಲ್ಲದೆ ಚಿನ್ನ ಖರ್ಚಾಗಿ ಹೋಗುವ ವಸ್ತುವಲ್ಲ, ಶತಮಾನಗಳಿಂದ ತೆಗೆದದ್ದರ ಬಹುಪಾಲು ಯಾರದ್ದಾದರೂ ಪೆಟ್ಟಿಗೆಯಲ್ಲಿ ಇದ್ದೇ ಇದೆ. ಆದ್ದರಿಂದ ಬೆಲೆ ನಿಲ್ಲುವುದು ಈ ವರ್ಷ ಎಷ್ಟು ಅಗೆದರು ಎಂಬುದಕ್ಕಿಂತ, ಇರುವ ದಾಸ್ತಾನನ್ನು ಹಿಡಿದುಕೊಂಡಿರಲು ಜನರಿಗೆ ಎಷ್ಟು ಮನಸ್ಸಿದೆ ಎಂಬುದರ ಮೇಲೆ. ಹಣದುಬ್ಬರವನ್ನು ಕಳೆದ ಮೇಲೆ ಬ್ಯಾಂಕಿನ ಬಡ್ಡಿ ಏನೂ ಉಳಿಯದಿದ್ದಾಗ, 1970ರ ದಶಕದ ಕೊನೆಯಲ್ಲಿ ಆದಂತೆ, ಬಡ್ಡಿ ತರದ ಚಿನ್ನವನ್ನು ಇಟ್ಟುಕೊಳ್ಳುವುದರಿಂದ ನಷ್ಟವಿಲ್ಲ. 1980ರ ಆಚೆ ಅಮೆರಿಕದ ಬಡ್ಡಿ ದರಗಳು ಹಣದುಬ್ಬರವನ್ನು ಮೀರಿ ಏರಿದಾಗ ಲೆಕ್ಕ ತಿರುಗಿತು.

ನಮ್ಮ ದೇಶದಲ್ಲಿ ಈ ಬದಲಾವಣೆ ತಡವಾಗಿ, ವಕ್ರ ದಾರಿಯಲ್ಲಿ ಬಂತು. ಸ್ವಾತಂತ್ರ್ಯದ ಕಾಲದಿಂದಲೂ ಚಿನ್ನದ ಆಮದಿನ ಮೇಲೆ ನಿರ್ಬಂಧವಿತ್ತು, 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ಹಾಗಾಗಿ ಇಲ್ಲಿನ ಬೆಲೆ ಲಂಡನ್ನಿಗಿಂತ ಎತ್ತರದಲ್ಲಿ, ಕಳ್ಳಸಾಗಣೆಯ ಅಪಾಯದ ವೆಚ್ಚವನ್ನೂ ಸೇರಿಸಿಕೊಂಡು ನಡೆಯುತ್ತಿತ್ತು. ಅತ್ತ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಹಳೆಯ 35 ಡಾಲರೇ ಉಳಿದಿತ್ತು. ಲೆಕ್ಕ ಹಾಕಿ ನೋಡಿ: 35 ಡಾಲರನ್ನು 31.1035 ಗ್ರಾಮಿನಿಂದ ಭಾಗಿಸಿ, ಹತ್ತು ಗ್ರಾಮಿಗೆ ಗುಣಿಸಿ, 1966ರ ಅಪಮೌಲ್ಯದ ನಂತರದ ಏಳೂವರೆ ರೂಪಾಯಿಯ ಡಾಲರ್ ದರದಲ್ಲಿ ಪರಿವರ್ತಿಸಿದರೆ 84 ರೂಪಾಯಿ 39 ಪೈಸೆ ಬರುತ್ತದೆ. ಹತ್ತು ಗ್ರಾಂ ಚಿನ್ನಕ್ಕೆ ರಿಸರ್ವ್ ಬ್ಯಾಂಕಿನ ಕಾನೂನುಬದ್ಧ ಮೌಲ್ಯ ಅದೇ ಆಗಿತ್ತು. ಲಂಡನ್ನಿನಲ್ಲಿ 850 ಡಾಲರಾದಾಗಲೂ ಅದು ಬದಲಾಗಲಿಲ್ಲ. 1990ರ ಅಕ್ಟೋಬರಿನಲ್ಲಿ ಮಾತ್ರ ಅಂತರರಾಷ್ಟ್ರೀಯ ಮಾರುಕಟ್ಟೆಯ ಬೆಲೆಗೆ ಹತ್ತಿರವಾಗಿ ಮೌಲ್ಯ ಕಟ್ಟುವ ಕ್ರಮ ಬಂತು, ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದೂ ಅದೇ ವರ್ಷ.

ಅದರ ಮರುವರ್ಷವೇ, 1991ರ ಜುಲೈನಲ್ಲಿ, ವಿದೇಶಿ ವಿನಿಮಯ ಬರಿದಾಗಿದ್ದ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40.5 ಕೋಟಿ ಡಾಲರ್ ಸಾಲ ಪಡೆಯಿತು. ಅಷ್ಟೇ ಚಿನ್ನದ ಬೆಲೆ 84 ರೂಪಾಯಿ 39 ಪೈಸೆಯ ದರದಲ್ಲಿ ಸುಮಾರು 40 ಕೋಟಿ ರೂಪಾಯಿ ಮಾತ್ರ ಆಗುತ್ತಿತ್ತು. ಆ ಸಾಲವೋ ಅಂದಿನ ವಿನಿಮಯ ದರದಲ್ಲಿ ಸಾವಿರ ಕೋಟಿ ರೂಪಾಯಿಯ ಆಸುಪಾಸು. ಸಾಲ ಕೊಟ್ಟವರು ನೋಡಿದ್ದು ಲಂಡನ್ನಿನ ಅಂದಿನ ಮಾರುಕಟ್ಟೆಯ ಬೆಲೆಯನ್ನು.